ನಾನೆಲ್ಲಿಗೆ ಹೋಗ್ಬೇಕಿತ್ತು?

ಮಂಗಳವಾರ ಬೆಳಗಿನ ಜಾವ ಮತ್ತೆ ಟ್ರೈನು ತಪ್ಪಿತು. ಅದೇ ಅರಸೀಕೆರೆ ಸ್ಟೇಷನ್ನು, ಅದೇ ಮೇಲ್ಸೇತುವೆ. ಬ್ಯಾಗಿನ ಜಿಪ್ಪು ಕಚ್ಚಿಕೊಂಡಿದೆ, ಚಪ್ಪಲಿ ಒಂದೇ ಕಾಲಲ್ಲಿದೆ, ಕಾಲಂತೂ ಗದ್ದೆ ಕೆಸರಲ್ಲಿ ಹೂತ ಹಾಗೆ. ಮೆಟ್ಟಿಲಿಳಿಯುವಷ್ಟರಲ್ಲಿ ಕೊನೆಯ ಬೋಗಿ ಹೊರಟೇಬಿಟ್ಟಿತು. ಅದರ ಬೆನ್ನ ಮೇಲೆ ದೊಡ್ಡ ಎಕ್ಸ್ ಗುರುತು, ಮಿಣಮಿಣ ಅನ್ನುವ ಕೆಂಪು ದೀಪ. ಗಾಡಿ ಪೂರ್ತಿ ಬಂದಿದೆ, ಬೋಗಿ ಯಾವುದೂ ಹಿಂದೆ ಕಳಚಿಕೊಂಡಿಲ್ಲ ಅಂತ ರೈಲ್ವೆಯವರಿಗೆ ಗೊತ್ತಾಗಲಿ ಅಂತ ಇರೋ ಗುರುತು ಅದು. ನನ್ನ ಕಣ್ಣಿಗೆ ಮಾತ್ರ ಮೇಷ್ಟ್ರು ಉತ್ತರದ ಮೇಲೆ ಎಳೆದ ತಪ್ಪು ಗುರುತಿನ ಹಾಗೆ ಕಾಣುತ್ತೆ.

ತಮಾಷೆ ಅಂದ್ರೆ, ಎಚ್ಚರವಾಗಿದ್ದಾಗ ನನಗೆ ಇಲ್ಲಿವರೆಗೆ ಒಂದು ಟ್ರೈನೂ ತಪ್ಪಿಲ್ಲ. ಒಂದೂವರೆ ಗಂಟೆ ಮೊದಲೇ ಹೋಗಿ ಕೂರುವ ಜಾತಿ ನಾನು. ನಿಜವಾಗಲೂ ತಪ್ಪಿಸಿಕೊಳ್ಳುವವರು ನಮ್ಮ ಮನೆಯವರು. ಎರಡು ವಡೆ ತಿಂದು, ಮುಂದಿನ ಗಾಡಿ ಹತ್ತಿ ಬರ್ತಾರೆ. ಅವರಿಗೆ ಈ ಕನಸೂ ಇಲ್ಲ, ಕೆಸರೂ ಇಲ್ಲ. ಗೊರಕೆ ಮಾತ್ರ ಇದೆ.

ಪಕ್ಕದ ಮನೆ ಆಂಟಿಗೆ ಹೇಳಿದೆ. "ಒಳ್ಳೇದೇ ಆಯ್ತು ಬಿಡು, ಏನೋ ಗಂಡಾಂತರ ಇತ್ತು, ಕಳೀತು" ಅಂದರು. ಎಲ್ಲದಕ್ಕೂ ಅವರದು ಅದೇ ಮಾತು. ಆದರೆ ಕನಸುಗಳಿಗೆ ಅರ್ಥ ಹುಡುಕಿದ ಫ್ರಾಯ್ಡ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾನೆ. ಕನಸಿನಲ್ಲಿ ಹೊರಡೋದು ಅಂದ್ರೆ ಸಾವು, ಗಾಡಿ ತಪ್ಪಿತು ಅಂದ್ರೆ "ಹೆದರಬೇಡ, ನೀನು ಹೋಗಲ್ಲ" ಅಂತ ಸಮಾಧಾನ. ನನಗೆ ಇದು ಯಾಕೋ ಒಪ್ಪಿಗೆಯಿಲ್ಲ. ಎದೆ ಡವಡವ ಅಂತ ಎದ್ದು ಕೂರಿಸೋದು ಎಂಥ ಸಮಾಧಾನ?

ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. "ನಿಂಗೂ ಬಸ್ಸು ತಪ್ಪಿದ ಹಾಗೆ ಕನಸು ಬೀಳುತ್ತಾ ಅಮ್ಮ?"

"ಇಲ್ಲ ಕಣೆ," ಅಂದಳು. ಸೊಪ್ಪು ಬಿಡಿಸ್ತಾ ಇದ್ದಳೋ ಏನೋ, ಸ್ವಲ್ಪ ಹೊತ್ತು ಬಿಟ್ಟು, "ನಾನೆಲ್ಲಿಗೆ ಹೋಗ್ಬೇಕಿತ್ತು?"

ಆ ಮಾತು ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ. ಯಾಕಂದ್ರೆ ಅವಳು ಹೋಗಬೇಕಾಗಿದ್ದ ಊರು ಒಂದಿತ್ತು. 1979ರಲ್ಲಿ ಯಾದಗಿರಿ ಹತ್ತಿರದ ಹಳ್ಳಿಗೆ ಪ್ರೈಮರಿ ಸ್ಕೂಲ್ ಟೀಚರ್ ಆಗಿ ಆರ್ಡರ್ ಬಂದಿತ್ತು. ಅಷ್ಟು ದೂರ ಹೆಣ್ಣುಮಗಳು ಒಬ್ಬಳೇನಾ ಅಂತ ತಾತ ಬೇಡ ಅಂದರು. ತಾತ ಒಳ್ಳೆಯವರೇ. ಆದರೆ ಈ ವಿಷಯದಲ್ಲಿ ಅವರನ್ನು ನಾನು ಕ್ಷಮಿಸಿಲ್ಲ. ನಾಲ್ಕು ಮಡಿಕೆ ಮಾಡಿದ ಆ ಕಾಗದ ಇನ್ನೂ ಟ್ರಂಕಿನಲ್ಲಿದೆ, ಮಡಿಕೆ ಜಾಗದಲ್ಲಿ ಅಕ್ಷರ ಸವೆದಿದೆ.

ನಿಜವಾಗಿ ತಪ್ಪಿಹೋದವಳಿಗೆ ಕನಸಿಲ್ಲ, ಏನೂ ತಪ್ಪದ ನನಗೆ ಯಾಕೆ? ಫ್ರಾಯ್ಡನ ಇನ್ನೊಂದು ಮಾತು ಇಲ್ಲಿ ಸರಿ ಕೂರುತ್ತೆ. ಅವನು ಓದುವಾಗ ನ್ಯಾಯವೈದ್ಯಶಾಸ್ತ್ರದ ಪರೀಕ್ಷೆಯಲ್ಲಿ ಫೇಲಾಗಿದ್ದ. ಅದು ಯಾವತ್ತೂ ಕನಸಿಗೆ ಬರಲಿಲ್ಲವಂತೆ. ಹೆದರಿಕೊಂಡು ಹೋಗಿ ಹೇಗೋ ಪಾಸಾದ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಕೆಮಿಸ್ಟ್ರಿಗಳೇ ಮತ್ತೆ ಮತ್ತೆ ಬರ್ತಿದ್ದವು.

1982ರಲ್ಲಿ ಕಾನಮನ್ ಮತ್ತು ಟ್ವೆರ್ಸ್ಕಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಜನರ ಮುಂದೆ ಒಂದು ಕಥೆ ಇಟ್ಟರು. ಇಬ್ಬರು ಒಂದೇ ಕಾರಿನಲ್ಲಿ ಏರ್‌ಪೋರ್ಟಿಗೆ ಹೊರಡ್ತಾರೆ. ಬೇರೆ ಬೇರೆ ವಿಮಾನ, ಹೊರಡೋ ಹೊತ್ತು ಒಂದೇ. ಟ್ರಾಫಿಕ್ಕಿನಲ್ಲಿ ಸಿಕ್ಕಿ ಅರ್ಧ ಗಂಟೆ ತಡ. ಒಬ್ಬನ ವಿಮಾನ ಸರಿಯಾದ ಹೊತ್ತಿಗೇ ಹೋಗಿತ್ತು. ಇನ್ನೊಬ್ಬನದು ತಡವಾಗಿ, ಈಗ 5 ನಿಮಿಷದ ಹಿಂದಷ್ಟೇ ಹೋಯ್ತು. ಯಾರಿಗೆ ಸಂಕಟ ಜಾಸ್ತಿ? ನೂರಕ್ಕೆ 96 ಮಂದಿ ಎರಡನೆಯವನಿಗೆ ಅಂದರು. ನಷ್ಟ ಇಬ್ಬರಿಗೂ ಒಂದೇ. ಆದರೆ "ಛೇ, ಒಂದು ಸಿಗ್ನಲ್ ಹಸಿರಿದ್ದಿದ್ರೆ" ಅಂತ ಮನಸ್ಸಿನಲ್ಲೇ ತಿದ್ದಿಕೊಳ್ಳೋದು ಎರಡನೆಯವನಿಗೆ ಸುಲಭ.

ನನ್ನ ಕನಸು ಯಾವಾಗಲೂ ಆ 5 ನಿಮಿಷದ್ದೇ. ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ಗಾಡಿ ಹೋಗಿ ಗಂಟೆಗಟ್ಟಲೆ ಆಗಿತ್ತು ಅಂತ ಒಂದು ದಿನವೂ ಬಿದ್ದಿಲ್ಲ. ಕೊನೆಯ ಬೋಗಿ ಕಾಣಲೇಬೇಕು. ಅಮ್ಮನಿಗೆ ಆ ಬೋಗಿಯೇ ಕಾಣಲಿಲ್ಲ. ಅವಳನ್ನು ಓಡೋಕೆ ಬಿಡಲಿಲ್ಲವಲ್ಲ, ಎಲ್ಲಿ ಎಡವಿದೆ ಅಂತ ಹುಡುಕೋದಾದರೂ ಎಲ್ಲಿ? ಇದು ನನ್ನ ಲೆಕ್ಕಾಚಾರ, ಅವಳನ್ನು ಕೇಳುವ ಧೈರ್ಯ ಬರಲಿಲ್ಲ.

ಅವಳೇ ಕೇಳಿದ್ದಳು ನನ್ನ, ಅವತ್ತು ಫೋನ್ ಇಡೋ ಮೊದಲು. "ಅದ್ಸರಿ, ಕನಸಲ್ಲಿ ನೀನು ಎಲ್ಲಿಗೆ ಹೊರಟಿದ್ದೆ?"

ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಇಷ್ಟು ವರ್ಷದಲ್ಲಿ ಆ ಟ್ರೈನಿನ ಬೋರ್ಡು ಒಂದು ಸಲವೂ ಓದಿಲ್ಲ ನಾನು.

ನಿನ್ನೆ ರಾತ್ರಿ ಮತ್ತೆ ಅವಳ ಫೋನು. ಕರೆಂಟ್ ಬಿಲ್ಲು, ಮಂಡಿ ನೋವು, ಎದುರು ಮನೆ ನಾಯಿ ಎಲ್ಲ ಆಯ್ತು. ಕೊನೆಗೆ, "ಯಾದಗಿರಿಗೆ ಈಗ ಬೆಂಗಳೂರಿಂದ ನೇರ ಟ್ರೈನ್ ಇದ್ಯೇನೇ?"

"ಇದೆ ಅಮ್ಮ. ಯಾಕೆ?"

"ಸುಮ್ನೆ ಕೇಳ್ದೆ."