ತಾಮ್ರ-64 ಮತ್ತು ಜೋಡಿ ಶಕ್ತಿ

“ಸರ್, ತಾಮ್ರದಾಗ 63 ಐತಿ, 65 ಐತಿ. ನಡುವಿನ 64 ಯಾಕಿಲ್ಲ?” ಬಳ್ಳಾರಿ ಕಡೆಯ ಬಿಎಸ್ಸಿ ಹುಡುಗರು ಕೇಳುವುದು.

ಮೊದಲು ನ್ಯೂಟ್ರಾನ್ ಎಣಿಸಿ. ತಾಮ್ರದಲ್ಲಿ ಪ್ರೋಟಾನ್ 29. ತಾಮ್ರ-63ರಲ್ಲಿ ನ್ಯೂಟ್ರಾನ್ 34, 65ರಲ್ಲಿ 36, ಎಲ್ಲವೂ ಜೋಡಿಯಾಗಿವೆ. 64ರಲ್ಲಿ 35. ಅಲ್ಲಿ ಒಂದು ಪ್ರೋಟಾನೂ ಒಂದು ನ್ಯೂಟ್ರಾನೂ ಒಂಟಿ.

ಆ ಒಂಟಿಗಳೆರಡೂ ತಮ್ಮತಮ್ಮಲ್ಲೇ ಜೋಡಿಯಾಗಬಾರದೇಕೆ ಎಂದು ಹಲವರು ಮರುಪ್ರಶ್ನೆ ಹಾಕುತ್ತಾರೆ. ಇಲ್ಲಿ ಜೋಡಿ ಎಂದರೆ ಒಂದೇ ಜಾತಿಯ ಎರಡು ಕಣಗಳು ಒಂದೇ ಕಕ್ಷೆಯಲ್ಲಿ ವಿರುದ್ಧ ದಿಕ್ಕಿನಲ್ಲಿ ಸುತ್ತುವುದು. ಆಗ ಅವು ಒಂದಕ್ಕೊಂದು ಬಹಳ ಹತ್ತಿರ ಬರುತ್ತವೆ, ಬಂಧ ಬಿಗಿಯಾಗುತ್ತದೆ, ಒಟ್ಟು ಕೋನೀಯ ಸಂವೇಗ ಸೊನ್ನೆಯಾಗುತ್ತದೆ. ಪ್ರೋಟಾನ್, ನ್ಯೂಟ್ರಾನ್ ಎರಡೂ ಸಮಸಂಖ್ಯೆಯಲ್ಲಿರುವ ಸಮ-ಸಮ ಬೀಜಕೇಂದ್ರಗಳ ತಳಸ್ಥಿತಿಯ ಸ್ಪಿನ್ ಸೊನ್ನೆ ಇರುವುದು ಇದರಿಂದಲೇ. ತಾಮ್ರ-64ರ ಸ್ಪಿನ್ 1.

ಈ ಬಿಗಿತದ ಅಳತೆಗೆ ಒಂದು ಅಂದಾಜು ಸೂತ್ರವಿದೆ:

δ = 12/√A MeV

A ಎಂದರೆ ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆ. A = 64 ಆದರೆ δ = 1.5. ಬಂಧನ ಶಕ್ತಿಗೆ ಇದು ಸಮ-ಸಮದಲ್ಲಿ ಕೂಡುತ್ತದೆ, ಬೆಸ-ಬೆಸದಲ್ಲಿ ಕಳೆಯುತ್ತದೆ, A ಬೆಸವಾದರೆ ಸೊನ್ನೆ. ಬಂಧನ ಹೆಚ್ಚಿದರೆ ದ್ರವ್ಯರಾಶಿ ಇಳಿಯುವುದರಿಂದ ದ್ರವ್ಯರಾಶಿಯ ಸೂತ್ರದಲ್ಲಿ ಚಿಹ್ನೆ ತಿರುಗುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಅಲ್ಲೇ.

ಈಗ 64ರ ಮೂವರನ್ನು ಅಕ್ಕಪಕ್ಕ ಇಡಿ: ನಿಕ್ಕಲ್, ತಾಮ್ರ, ಸತು. ಅಳೆದ ಲೆಕ್ಕದಲ್ಲಿ ತಾಮ್ರ-64 ನಿಕ್ಕಲ್‌ಗಿಂತ 1.68 ಎಂಇವಿ ಮೇಲಿದೆ, ಸತುವಿಗಿಂತ 0.58 ಮೇಲಿದೆ. ದಿಬ್ಬದ ಮೇಲೆ ನಿಂತ ಹಾಗೆ ಎರಡೂ ಕಡೆ ಇಳಿಜಾರು. ಅದಕ್ಕೇ ನೂರಕ್ಕೆ ಸುಮಾರು 61 ನಿಕ್ಕಲ್ ಆಗುತ್ತವೆ, ಉಳಿದವು ಸತು ಆಗುತ್ತವೆ, ಅರ್ಧಾಯು 12.7 ಗಂಟೆ. ಜೋಡಿ ಶಕ್ತಿಯನ್ನೇ ತೆಗೆದುಹಾಕಿ ನೋಡಿ: ತಾಮ್ರ 1.5 ಇಳಿಯುತ್ತದೆ, ನೆರೆಯವೆರಡೂ 1.5 ಏರುತ್ತವೆ. ಆಗ ತಾಮ್ರವೇ ನಿಕ್ಕಲ್‌ಗಿಂತ 1.3, ಸತುವಿಗಿಂತ 2.4 ಕೆಳಗೆ ಬಂದು, ಮೂರರಲ್ಲಿ ಅದೊಂದೇ ಉಳಿಯುತ್ತಿತ್ತು.

ಸಮ-ಸಮಗಳ ಸಂಖ್ಯೆ ಹೆಚ್ಚಲು ಕಾರಣವೂ ಇದೇ ದಿಬ್ಬ. ಸತು-64 ನಿಕ್ಕಲ್‌ಗಿಂತ 1.1 ಮೇಲಿದ್ದರೂ ಒಂದೊಂದೇ ಹೆಜ್ಜೆಯಲ್ಲಿ ಇಳಿಯಲಾರದು, ನಡುವೆ ತಾಮ್ರ ಅಡ್ಡ ನಿಂತಿದೆ. ಎರಡು ಪ್ರೋಟಾನ್ ಒಟ್ಟಿಗೆ ಬದಲಾಗಬೇಕು. ಆ ಕ್ಷಯವನ್ನು ಯಾರೂ ಕಂಡಿಲ್ಲ. ಹಾಗಾಗಿ ಒಂದೇ A ಗೆ ಎರಡು ಸಮ-ಸಮಗಳು ಉಳಿಯುತ್ತವೆ. ಸ್ಥಿರವಾದ ಸುಮಾರು 250ರಲ್ಲಿ 140ಕ್ಕೂ ಹೆಚ್ಚು ಸಮ-ಸಮ. ಬೆಸ-ಬೆಸ ಬೆರಳೆಣಿಕೆ: ಡ್ಯೂಟೀರಿಯಂ, ಲಿಥಿಯಂ-6, ಬೋರಾನ್-10, ನೈಟ್ರೋಜನ್-14, ಜೊತೆಗೆ ಉದ್ರಿಕ್ತ ಸ್ಥಿತಿಯಲ್ಲೇ ಉಳಿದಿರುವ ಟ್ಯಾಂಟಲಂ-180. ಮೊದಲ ನಾಲ್ಕು ಹಗುರ; ಅಲ್ಲಿ ಪ್ರೋಟಾನ್-ನ್ಯೂಟ್ರಾನ್ ಸಮಾನತೆ ಕೆಟ್ಟರೆ ಆಗುವ ನಷ್ಟ, ಜೋಡಿಯಿಂದ ಬರುವ ಲಾಭಕ್ಕಿಂತ ದೊಡ್ಡದು.

ಸಂಡೂರಿನ ಗಣಿಗಳಲ್ಲಿ ಕಬ್ಬಿಣವೂ ಮ್ಯಾಂಗನೀಸೂ ಸಿಗುತ್ತವೆ. 26 ಪ್ರೋಟಾನಿನ ಕಬ್ಬಿಣಕ್ಕೆ ನಾಲ್ಕು ಸ್ಥಿರ ಐಸೋಟೋಪ್, 25ರ ಮ್ಯಾಂಗನೀಸಿಗೆ 55 ಒಂದೇ. ಅದಕ್ಕೆ ಒಂದು ನ್ಯೂಟ್ರಾನ್ ಸೇರಿಸಿ 56 ಮಾಡಿದರೆ ಬೆಸ-ಬೆಸವಾಗಿ, 2.6 ಗಂಟೆಯಲ್ಲಿ ಅರ್ಧದಷ್ಟು ಕಬ್ಬಿಣ-56 ಆಗಿರುತ್ತದೆ.