ಐದು ಕಪ್ಪು ಕೀ ಒತ್ತಿದರೆ ರಾಗ ಆಗಲ್ಲ

"ರಾಗ ಅಂದ್ರೆ ಸ್ಕೇಲ್ ತಾನೆ ಸರ್? ಯಾವ್ಯಾವ ಸ್ವರ ಅಂತ ಹೇಳಿದ್ರೆ ಮುಗೀತಲ್ವಾ?"

ಮುಗಿಯಲ್ಲ. ಆ "ತಾನೆ" ಕೇಳಿದರೇ ನನಗೆ ಮೈ ಉರಿಯುತ್ತದೆ. ಉತ್ತರ ಗೊತ್ತಿದ್ದ ಮೇಲೆ ಕೇಳೋದು ಯಾಕೆ?

ಹೋದ ವರ್ಷ ದಾವಣಗೆರೆಯಲ್ಲಿ ನೆಂಟರ ಮನೆಗೆ ಹೋಗಿದ್ದೆ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಂತು. ಹಿಂದೆಯೇ ಆ ಮನೆಯ ಹುಡುಗ ಕೀಬೋರ್ಡ್ ಹಿಡಿದು ಬಂದ. ಕಪ್ಪು ಕೀಗಳು ಮೂರು ಒಟ್ಟಿಗಿರುತ್ತವಲ್ಲ, ಅದರ ಮೊದಲನೆಯದನ್ನು ಸ ಮಾಡಿಕೊಂಡ. ಮೂರು ಒತ್ತಿದ, ಸ ರೆ ಗ. ಪಕ್ಕದ ಎರಡು ಒತ್ತಿದ, ಪ ಧ. "ಭೂಪಾಲಿ ರಾಗ ಮಾಮ, ಇಷ್ಟೇ ನೋಡ್ರಿ" ಅಂದ.

"ಹಂಗಾರೆ ದೇಶಕಾರ್ ನುಡಿಸು" ಅಂದೆ.

ಮೊಬೈಲಿನಲ್ಲಿ ಹುಡುಕಿದ. ಅವೇ ಐದು ಸ್ವರ. "ಇದ್ರಾಗೆ ತಪ್ಪು ಹಾಕ್ಯಾರೆ ಮಾಮ."

ತಪ್ಪಿಲ್ಲ ಮಾರಾಯ. ಹಿಂದೂಸ್ತಾನಿಯಲ್ಲಿ ಎರಡಕ್ಕೂ ಸ ರೆ ಗ ಪ ಧ, ಮ ಮತ್ತು ನಿ ಎರಡಕ್ಕೂ ಇಲ್ಲ. ಸ್ಕೇಲ್ ಹೇಳುವುದು ಅಷ್ಟನ್ನೇ. ಭೂಪಾಲಿಯಲ್ಲಿ ಹಾಡು ಮತ್ತೆ ಮತ್ತೆ ಗ ಮೇಲೆ ಬಂದು ಕೂರುತ್ತದೆ. ಓಡಾಟ ಹೆಚ್ಚಾಗಿ ಕೆಳಗೇ, ಮಂದ್ರದ ಧ ಮುಟ್ಟಿ ಸ ರೆ ಗ ಎಂದು ನಿಧಾನಕ್ಕೆ ಹತ್ತುತ್ತದೆ. ಅದು ರಾತ್ರಿಯ ಮೊದಲ ಜಾವದ ರಾಗ. ದೇಶಕಾರ್ ಬೆಳಗಿನದು. ಅಲ್ಲಿ ಧ ಯಜಮಾನ. ಗ ಪ ಧ ಎಂದು ಮೇಲಕ್ಕೆ ಹೋಗಿ, ಧ ತೋರಿಸಿ, ಪ ಮೇಲೆ ನಿಲ್ಲುತ್ತದೆ. ತಾರ ಸ್ಥಾಯಿಯ ಕಡೆಗೇ ಎಳೆತ ಜಾಸ್ತಿ. ರೆ ಇರುತ್ತದೆ, ಆದರೆ ಅದರ ಮೇಲೆ ಕೂರುವ ಹಾಗಿಲ್ಲ, ಸುಮ್ನೆ ಸವರಿಕೊಂಡು ಇಳಿಯಬೇಕು.

ನನ್ನನ್ನು ಯಾರಾದರೂ "ನೀವು ಎಲ್ಲಿ ಎಡವಿದಿರಿ?" ಎಂದು ಕೇಳಬೇಕಿತ್ತು. ಯಾರೂ ಕೇಳಲ್ಲ, ನಾನೇ ಹೇಳುತ್ತೇನೆ. ಕಲಿಯುವಾಗ ಭೂಪಾಲಿ ಮೊದಲು ಬಂದಿತ್ತು. ದೇಶಕಾರ್ ಶುರು ಮಾಡಿದಾಗ ಒಂದು ಸ್ವರವೂ ತಪ್ಪುತ್ತಿರಲಿಲ್ಲ, ಶ್ರುತಿಯೂ ಸರಿ. ಆದರೂ ಇಳಿಯುವಾಗ ಗ ಸಿಕ್ಕಿತೋ, ಅಭ್ಯಾಸಬಲದಿಂದ ಅಲ್ಲೇ ಉಸಿರು ಬಿಡುತ್ತಿದ್ದೆ. ಮುಂದಿನ ರೆ ತಾನಾಗಿ ಉದ್ದವಾಗುತ್ತಿತ್ತು. ಗುರುಗಳು ಕಣ್ಣು ಮುಚ್ಚಿಕೊಂಡೇ ಕೈ ಎತ್ತುತ್ತಿದ್ದರು. "ಭೂಪಾಲಿ ಬಂತು." ಅಷ್ಟೇ ಮಾತು. ಮತ್ತೆ ಮೊದಲಿಂದ. ರಾಗವನ್ನು ನಿಧಾನಕ್ಕೆ ಬಿಡಿಸುವ ಆಲಾಪದಲ್ಲಿ ಹೀಗೆ ಸಿಕ್ಕಿಬೀಳುತ್ತೇವೆ. ಸ್ವರಗಳನ್ನು ಸರಸರ ಓಡಿಸುವ ಬಿರುಸಿನ ತಾನಿನಲ್ಲಿ ಯಾವ ಸ್ವರವೂ ನಿಲ್ಲುವುದಿಲ್ಲವಲ್ಲ, ಅಲ್ಲಿ ಎರಡನ್ನೂ ಬೇರೆ ಮಾಡಿ ತೋರಿಸುವುದು ಇನ್ನೂ ಕಷ್ಟ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. "ಇಷ್ಟೇ ತಾನೆ" ಅಂದ. ಮತ್ತೆ ತಾನೆ! ಗ ಪ ಧ, ಪ ಎಂದು ಚೆನ್ನಾಗಿಯೇ ಎತ್ತಿಕೊಂಡ. ಎರಡು ಸಲ ಮೇಲೆ ಸುತ್ತಿ ಬಂದ. ಕೆಳಗೆ ಇಳಿದವನು ಗ ಮೇಲೆ ಬೆರಳಿಟ್ಟು ಹಾಗೇ ಕೂತ. ನನ್ನ ಬಾಯಲ್ಲಿ ಮೆಣಸಿನಕಾಯಿ ಇತ್ತು. ಕೈ ಎತ್ತಿದೆ.