ಹದಿನೈದಕ್ಕೆ ಮುಗಿಸಬೇಕು ಎಂದಾಗ

"ಮೇಲಿನವರು ಆಗದ ದಿನಾಂಕವೊಂದನ್ನು ಹೇಳಿಬಿಡುತ್ತಾರೆ. ಆಗುವುದಿಲ್ಲ ಎಂದರೆ ಕೆಲಸಕ್ಕೆ ಮನಸ್ಸಿಲ್ಲ ಎಂದುಕೊಳ್ಳುತ್ತಾರೆ. ಹೇಗೆ ಹೇಳಬೇಕು?"

ದಿನಾಂಕ ಕಿವಿಗೆ ಬಿದ್ದ ಕೂಡಲೇ ಹೂಂ ಎನ್ನಬೇಡಿ, ಆಗುವುದಿಲ್ಲ ಎಂದೂ ಹೇಳಬೇಡಿ. ಮರುದಿನ ಸಂಜೆಯವರೆಗೆ ಸಮಯ ಕೇಳಿಕೊಳ್ಳಿ. ಅಷ್ಟರೊಳಗೆ ಆ ಕೆಲಸದ ಸಣ್ಣದೊಂದು ಭಾಗವನ್ನು ನಿಜವಾಗಿಯೂ ಮಾಡಿ, ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಮಾಡಿ ನೋಡಿದವನ ಮಾತನ್ನು ಯಾರೂ ಸುಲಭವಾಗಿ ನೆಪ ಎನ್ನಲಾರರು.

ನಾನು ಶಿರಸಿಯ ಒಂದು ಸಣ್ಣ ಕಚೇರಿಯಲ್ಲಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಸಹಕಾರಿ ಸಂಘಗಳ ಕೈಬರಹದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿಕೊಡುವುದು ನಮ್ಮ ಕೆಲಸವಾಗಿತ್ತು. ಜುಲೈ 1ರಂದು, ಜಿಟಿಜಿಟಿ ಮಳೆಯಲ್ಲಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಲೆಡ್ಜರುಗಳು ಬಂದಿಳಿದವು. 1,800 ಸದಸ್ಯರ ಖಾತೆಗಳು, ಪ್ರತಿಯೊಂದರಲ್ಲೂ ಐದು ವರ್ಷಗಳ ವ್ಯವಹಾರ. ಮ್ಯಾನೇಜರರು ಬಾಗಿಲಲ್ಲಿ ನಿಂತೇ, "ಹದಿನೈದಕ್ಕೆ ಪೂರ್ತಿ ಮುಗಿಸ್ಬೇಕು, ಆಗ್ತದಲ್ಲ?" ಎಂದರು. ನಾವಿದ್ದವರು ಮೂವರು. ನಮ್ಮ ಕಡೆ ಇಂಥ ಪ್ರಶ್ನೆಗೆ ತಲೆಯಾಡಿಸಿ "ನೋಡುವಾ" ಎನ್ನುವುದು ರೂಢಿ. ಹೇಳಿದವನು ಅದನ್ನು ಅನುಮಾನವೆಂದು ತಿಳಿದಿರುತ್ತಾನೆ, ಕೇಳಿದವರು ಒಪ್ಪಿಗೆಯೆಂದು ತಿಳಿಯುತ್ತಾರೆ. ಹದಿನೈದರಂದು ಜಗಳ ಹುಟ್ಟುವುದು ಅಲ್ಲಿಂದಲೇ. ನಾನು, "ಸರ್, ಇವತ್ತೇ ಕೆಲವು ಖಾತೆ ಏರಿಸಿ ನೋಡ್ತೇನೆ, ನಾಳೆ ಸಂಜೆ ಲೆಕ್ಕ ಹೇಳ್ತೇನೆ" ಎಂದೆ.

ಮಾದರಿಯನ್ನು ಆರಿಸುವಲ್ಲಿ ಎಚ್ಚರ ಬೇಕು. ಮೊದಲ ಲೆಡ್ಜರಿನ ಮೊದಲ 20 ಖಾತೆಗಳನ್ನು ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಒಂದು ಪುಸ್ತಕದ ಖಾತೆಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿರುತ್ತವೆ. ಹಾಗಾಗಿ ತೊಂಬತ್ತಕ್ಕೊಂದರಂತೆ ಎಣಿಸಿ 20 ಖಾತೆಗಳನ್ನು ತೆಗೆದೆ. ಪಾಲು ಹಣ, ಒಂದು ಠೇವಣಿ ಮಾತ್ರ ಇದ್ದ ಖಾತೆ ಆರು ನಿಮಿಷಗಳಲ್ಲಿ ಮುಗಿಯಿತು. ಆದರೆ ತಂದೆ ತೀರಿಕೊಂಡ ಮೇಲೆ ಮಗನ ಹೆಸರಿಗೆ ಬಂದ ಖಾತೆಯೊಂದರಲ್ಲಿ ಬೆಳೆಸಾಲದ ಅರ್ಧ ಭಾಗ ಹಳೆಯ ಪುಟದಲ್ಲಿ, ಉಳಿದರ್ಧ ಹೊಸ ಪುಟದಲ್ಲಿ ಇತ್ತು. ಥಂಡಿಗೆ ಶಾಯಿ ಹರಡಿ 3 ಯಾವುದು, 8 ಯಾವುದು ಎಂದು ತಿಳಿಯುತ್ತಿರಲಿಲ್ಲ. ಅದೊಂದಕ್ಕೇ 40 ನಿಮಿಷ ಹಿಡಿಯಿತು. ತಾಳೆ ನೋಡುವುದೂ ಸೇರಿ 20 ಖಾತೆಗಳಿಗೆ ಒಟ್ಟು ಐದು ತಾಸು, ಅಂದರೆ ಸರಾಸರಿ 15 ನಿಮಿಷ.

ಮುಂದಿನದು ಬರೀ ಗುಣಾಕಾರ. 1,800 ಖಾತೆಗಳಿಗೆ 450 ತಾಸು. ಹಾಜರಿ ಪುಸ್ತಕದಲ್ಲಿ ಎಂಟು ತಾಸು ಎಂದಿದ್ದರೂ, ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದನ್ನು, ಸಂಘಕ್ಕೆ ಫೋನು ಮಾಡಿ ಸಂಶಯ ಕೇಳುವುದನ್ನು ಕಳೆದರೆ ಒಬ್ಬರ ಕೈಗೆ ಆರು ತಾಸು ಉಳಿಯುತ್ತದೆ. ಮೂವರಿಂದ ದಿನಕ್ಕೆ 18 ತಾಸು; ಒಟ್ಟು 25 ಕೆಲಸದ ದಿನಗಳು. ಎರಡು ಭಾನುವಾರ ಕಳೆದು ನಮಗಿದ್ದವು 12. ದಿನವೂ ತಲಾ ಎರಡು ತಾಸು ಹೆಚ್ಚು ಕುಳಿತರೂ 1,152 ಖಾತೆಗಳಾಗುತ್ತಿದ್ದವೇ ಹೊರತು 1,800 ಆಗುತ್ತಿರಲಿಲ್ಲ. ಈ ಹೆಚ್ಚುವರಿ ತಾಸುಗಳ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಂಡಿರಬೇಕು, ಏಕೆಂದರೆ ಮ್ಯಾನೇಜರರ ಮೊದಲ ಮಾತೇ "ಸ್ವಲ್ಪ ಹೊತ್ತು ಹೆಚ್ಚು ಕೂತ್ರೆ?" ಎಂಬುದಾಗಿರುತ್ತದೆ. ಆಗ ತಡವರಿಸಿದರೆ ಮನಸ್ಸಿಲ್ಲದವರಂತೆ ಕಾಣುತ್ತೇವೆ. ಕೂತರೆ ಎಷ್ಟಾಗುತ್ತದೆ ಎಂದು ಹೇಳಿದರೆ ಹಾಗೆ ಕಾಣುವುದಿಲ್ಲ.

ಇಷ್ಟನ್ನೇ ಹಿಡಿದುಕೊಂಡು ಹೋಗಿದ್ದರೆ ನಾನು ಹೇಳಿದ್ದು ಚೆನ್ನಾಗಿ ಲೆಕ್ಕ ಹಾಕಿದ "ಆಗುವುದಿಲ್ಲ" ಮಾತ್ರ ಆಗುತ್ತಿತ್ತು. ಆದ್ದರಿಂದ ಲೆಕ್ಕ ತೋರಿಸುವ ಮೊದಲು ಒಂದು ಪ್ರಶ್ನೆ ಕೇಳಿದೆ: "ಸರ್, ಹದಿನೈದಕ್ಕೆ ಸಂಘದವರಿಗೆ ಏನು ಬೇಕಾಗ್ತದೆ?" ಹದಿನೈದೇ ಯಾಕೆ ಎಂದು ಕೇಳಬಾರದು, ಅದು ಮೇಲಿನವರಿಂದ ವಿವರಣೆ ಬೇಡಿದ ಹಾಗೆ ಕೇಳಿಸುತ್ತದೆ. ಅವರು ಸ್ವಲ್ಪ ಯೋಚಿಸಿ, 16ರಿಂದ ಕೌಂಟರಿನಲ್ಲಿ ಕಂಪ್ಯೂಟರ್ ರಸೀದಿ ಕೊಡುವುದಾಗಿ ಸಂಘದ ಅಧ್ಯಕ್ಷರು ಆಡಳಿತ ಮಂಡಳಿಗೆ ಮಾತು ಕೊಟ್ಟಿದ್ದಾರೆ ಎಂದರು. ರಸೀದಿ ಕೊಡಲು ಐದು ವರ್ಷಗಳ ವ್ಯವಹಾರ ಬೇಡ. ಪ್ರತಿ ಸದಸ್ಯನ ಪಾಲು, ಠೇವಣಿ, ಸಾಲಗಳ ಈಗಿನ ಮೊತ್ತ ಗೊತ್ತಿದ್ದರೆ ಸಾಕು. ಅದನ್ನು ಮಾತ್ರ ಏರಿಸಿದರೆ ತಾಳೆ ಸಹಿತ ಖಾತೆಗೆ ನಾಲ್ಕು ನಿಮಿಷ ಎಂಬುದನ್ನು ಅದೇ 20 ಖಾತೆಗಳ ಮೇಲೆ ನೋಡಿದೆ. ಒಟ್ಟು 120 ತಾಸು, ಅಂದರೆ ಏಳು ದಿನ. ಉಳಿದ ಐದು ದಿನಗಳು ಜುಲೈ ತಿಂಗಳ ಹೊಸ ವ್ಯವಹಾರ ಸೇರಿಸಲು ಮತ್ತು ಮೊತ್ತಗಳನ್ನು ಜನರಲ್ ಲೆಡ್ಜರಿನೊಂದಿಗೆ ಹೊಂದಿಸಿ ನೋಡಲು ಬೇಕಾಗುತ್ತಿದ್ದವು.

ಬಾಯಲ್ಲಿ ಮಾತಾಡಿದ ದಿನವೇ ಹೀಗೊಂದು ಮೇಲ್ ಕಳಿಸಿದೆ: "ಜುಲೈ 15ರ ಸಂಜೆಯೊಳಗೆ 1,800 ಸದಸ್ಯರ ಜೂನ್ 30ರ ಬಾಕಿ ಮೊತ್ತ ಮತ್ತು ಜುಲೈ ವ್ಯವಹಾರ ಸಿದ್ಧವಾಗುತ್ತದೆ, 16ರಿಂದ ರಸೀದಿ ಕೊಡಬಹುದು. ಐದು ವರ್ಷಗಳ ಹಿಂದಿನ ವ್ಯವಹಾರ ಆಗಸ್ಟ್ 10ರೊಳಗೆ ಮುಗಿಯುತ್ತದೆ. ಎಲ್ಲವೂ 15ಕ್ಕೇ ಬೇಕಿದ್ದರೆ, ಈ ಕೆಲಸ ತಿಳಿದ ಇನ್ನೂ ನಾಲ್ವರು ನಾಳೆಯಿಂದಲೇ ಬೇಕಾಗುತ್ತಾರೆ. 8ರಂದು ಎಷ್ಟಾಗಿದೆ ಎಂದು ತಿಳಿಸುತ್ತೇನೆ. ಯಾವ ರೀತಿ ಮುಂದುವರಿಯಲಿ?" ಆಗುವುದು ಮೊದಲು, ತಡವಾಗುವುದು ಆಮೇಲೆ, ತೀರ್ಮಾನ ಅವರಿಗೆ. ಮೂಲ ದಿನಾಂಕ ತಪ್ಪು ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ತಾವು ಹೇಳಿದ ಹದಿನೈದು ಹದಿನೈದಾಗಿಯೇ ಉಳಿದದ್ದರಿಂದ ಅವರು ಅಧ್ಯಕ್ಷರಿಗೆ ಫೋನು ಮಾಡುವುದೂ ಸುಲಭವಾಯಿತು.

ಜನ ಕೊಡುತ್ತೇನೆ ಎಂದರೆ ಹಿಗ್ಗಬೇಡಿ. ಲೆಡ್ಜರ್ ಓದಲು ಬಾರದವರನ್ನು ಕೂರಿಸಿದರೆ ಮೊದಲ ಮೂರ್ನಾಲ್ಕು ದಿನ ಅವರಿಗೆ ಕಲಿಸುವುದರಲ್ಲಿ ನಿಮ್ಮ ತಾಸುಗಳೇ ಹೋಗುತ್ತವೆ, ಅದನ್ನೂ ಲೆಕ್ಕದಲ್ಲಿ ತೋರಿಸಬೇಕು. ಹಾಗೆಯೇ, ಬೇಕಾದ್ದಕ್ಕಿಂತ ಹತ್ತು ದಿನ ಹೆಚ್ಚು ಕೇಳಿ ಚೌಕಾಸಿಗೆ ಇಟ್ಟುಕೊಳ್ಳುವುದು ನನಗೆ ಸರಿಕಾಣದು. ಒಮ್ಮೆ ಸಿಕ್ಕಿಬಿದ್ದರೆ ಮುಂದಿನ ಸಲದ ಪ್ರಾಮಾಣಿಕ ಲೆಕ್ಕದಿಂದಲೂ ಅವರು ಹತ್ತು ದಿನ ಕಳೆಯುತ್ತಾರೆ.

ಈ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ತೆರಿಗೆ ರಿಟರ್ನ್ ಸಲ್ಲಿಸುವಂಥ ಕಾನೂನಿನ ದಿನಾಂಕವನ್ನು ಮ್ಯಾನೇಜರರೂ ಸರಿಸಲಾರರು, ಅರ್ಧ ಕೆಲಸ ಕೊಟ್ಟರೂ ಆಗದು. ಅಲ್ಲಿ ಬೇರೆ ಯಾವ ಕೆಲಸವನ್ನು ನಿಲ್ಲಿಸಬೇಕು ಎಂಬುದೊಂದೇ ಕೇಳುವ ಪ್ರಶ್ನೆ. ಇನ್ನು ಲೆಕ್ಕವನ್ನೆಲ್ಲ ನೋಡಿಯೂ "ಅದೆಲ್ಲ ಗೊತ್ತಿಲ್ಲ, ಮುಗಿಸಿ" ಎನ್ನುವವರಿದ್ದಾರೆ. ಅವರಿಗೆ, ತಾಳೆ ನೋಡುವುದನ್ನು ಬಿಟ್ಟರೆ ಮಾತ್ರ ಮುಗಿಯುತ್ತದೆ, ಬಿಡಬಹುದೇ ಎಂದು ಬರೆದು ಕೇಳಿ. ಬಿಡಿ ಎಂದು ಬರವಣಿಗೆಯಲ್ಲಿ ಉತ್ತರ ಕೊಟ್ಟವರನ್ನು ನಾನು ಇದುವರೆಗೆ ನೋಡಿಲ್ಲ.

ನಮ್ಮ ಕೆಲಸವೂ ಹೇಳಿದಂತೆಯೇ ಮುಗಿಯಲಿಲ್ಲ. 15ಕ್ಕೆ ಬಾಕಿ ಮೊತ್ತಗಳು ಸಿದ್ಧವಾದವು, 16ರಂದು ರಸೀದಿ ಮುದ್ರಣವಾಯಿತು. ಆದರೆ ಹಿಂದಿನ ವ್ಯವಹಾರದಲ್ಲಿ ಹೆಸರು ಬದಲಾದ ಖಾತೆಗಳು ಮಾದರಿಯಲ್ಲಿ ಕಂಡದ್ದಕ್ಕಿಂತ ಹೆಚ್ಚಿದ್ದವು. ಆಗಸ್ಟ್ 5ರಂದೇ ಅದು ಗೊತ್ತಾಯಿತು. ಅದೇ ದಿನ "10ಕ್ಕೆ 1,700 ಖಾತೆ, ಉಳಿದ ನೂರು 12ಕ್ಕೆ" ಎಂದು ಎರಡು ಸಾಲು ಬರೆದೆ. "ಸರಿ" ಎಂಬ ಒಂದೇ ಪದದ ಉತ್ತರ ಬಂತು.